ಸರಿಪಾಲಿನ ಹತ್ತು ಷೇರು

ಹೋದ ತಿಂಗಳು ನನ್ನ ಷೇರುಗಳಲ್ಲಿ ಐದರಲ್ಲೊಂದು ಪಾಲು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಮಾರಿ, ಬಂದ ಹಣವನ್ನು ಅಂಚೆ ಕಛೇರಿಯಲ್ಲಿ ಹಾಕಿದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಮೂವತ್ತು ದಾಟಿದೆಯೋ ಇಲ್ಲವೋ, ಅಷ್ಟೆ. ಆತ ನಕ್ಕ. "ಏನ್ ಸರ್, ಲೆಕ್ಕದ ಮೇಷ್ಟ್ರಾಗಿ ನೀವೇ ಕಡಿಮೆ ಬಡ್ಡಿಗೆ ಹೋಗ್ತೀರಲ್ಲ" ಅಂದ. ನನಗೆ ಈಗ ಐವತ್ತೆರಡು. ಉತ್ತರ ಹೇಳುವಷ್ಟು ತಾಳ್ಮೆ ಇರಲಿಲ್ಲ, ಬೆಲ್ಲೂ ಆಯಿತು. ಅವನಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು, ನಯಾಪೈಸೆ ಹೊಸದಾಗಿ ಬಂದ ಕಾಲ. ಆಣೆ ಬಿಟ್ಟು ನೂರರ ಲೆಕ್ಕ ಕಲಿಸಬೇಕಾಗಿ ಬಂದು ನನ್ನ ಕೆಲಸ ಇಮ್ಮಡಿಯಾಗಿತ್ತು. ಶಿಕಾರಿಪುರದಲ್ಲಿ ಒಂದು ಖಾಸಗಿ ಹೈಸ್ಕೂಲು. ಸರ್ಕಾರದ ಗ್ರಾಂಟು ಬರುತ್ತಿತ್ತು, ಆದರೆ ಸರ್ಕಾರಿ ಶಾಲೆಯಲ್ಲ. ಹಾಗಾಗಿ ನಮಗೆ ಪೆನ್ಷನ್ ಎಂಬುದೇ ಇರಲಿಲ್ಲ. ಐವತ್ತೈದಕ್ಕೆ ಮನೆಗೆ ಹೋಗುವಾಗ ಪ್ರಾವಿಡೆಂಟ್ ಫಂಡಿನ ಗಂಟು ಕೈಗಿಡುತ್ತಿದ್ದರು. ಅದು ತೀರಿದ ಮೇಲೆ ನಮ್ಮ ದಾರಿ ನಮಗೆ. ಸರ್ಕಾರಿ ಶಾಲೆಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು.

ನಮ್ಮ ಮನೆಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಶಾಲೆಯ ಕನ್ನಡ ಪಂಡಿತರಿದ್ದರು. ಸೊರಬದವರು. ಸ್ವಂತ ಮನೆ, ಹೆಂಡತಿ ಅಲ್ಲಿ. ಸೋಮವಾರದಿಂದ ಶನಿವಾರ ಮಧ್ಯಾಹ್ನದ ತನಕ ಇಲ್ಲಿ, ಆಮೇಲೆ ಬಸ್ಸು. ಮಕ್ಕಳಿಲ್ಲ. ಅವರಿಗಾಗ ಐವತ್ತೆರಡು, ನನಗೆ ಮೂವತ್ತೊಂದು. ಮೂವತ್ತು ವರ್ಷ ಗದ್ದಲದ ತರಗತಿಗಳಲ್ಲಿ ಪದ್ಯ ಓದಿ ಓದಿ ಅವರ ಗಂಟಲು ಕೆಟ್ಟುಹೋಗಿತ್ತು. ಮೂರನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಸಂಜೆ ಬಿಸಿನೀರಿಗೆ ಉಪ್ಪು ಹಾಕಿಕೊಂಡು ಬಾಯಿ ಮುಕ್ಕಳಿಸಿ, ಗಂಟೆಗಟ್ಟಲೆ ಮಾತಿಲ್ಲದೆ ಕೂರುತ್ತಿದ್ದರು.

"ರಿಟೈರಾದ ಮೇಲೆ ಎಂತ ಮಾಡ್ತೀರಿ ಪಂಡಿತರೆ?" ಅಂತ ಒಮ್ಮೆ ಕೇಳಿದ್ದೆ.

"ಎಂತ ಮಾಡೋದೂ ಇಲ್ಲ ಮಾರಾಯ್ರೆ. ಬಾಯಿ ಮುಚ್ಚಿಕೊಂಡು ಕೂತ್ಕಳ್ತೆ. ನನ್ನ ಹತ್ರ ಯಾರೂ ಏನೂ ಕೇಳಬಾರ್ದು, ನಾ ಯಾರಿಗೂ ಏನೂ ಹೇಳಬಾರ್ದು" ಅಂದಿದ್ದರು. ತಮಾಷೆಗೆ ಹೇಳಿದ್ದಲ್ಲ. ಬೇರೆಯವರು ಕಾಶಿಗೆ ಹೋಗಬೇಕೆಂದುಕೊಳ್ಳುವ ಹಾಗೆ ಅವರು ಸುಮ್ಮನಿರಬೇಕೆಂದುಕೊಂಡಿದ್ದರು.

ನಮ್ಮಿಬ್ಬರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಎಲ್ಲದರಲ್ಲೂ ಸರಿಪಾಲು. ಸೀಮೆಎಣ್ಣೆ ಡಬ್ಬಿ ತಂದರೆ ಅರ್ಧರ್ಧ, ದಿನಪತ್ರಿಕೆ ಅರ್ಧರ್ಧ, ಸೌದೆ, ಹಾಲು, ಎಲೆಅಡಿಕೆ ಅರ್ಧರ್ಧ. ನನ್ನ ಸಂಬಳ ಅವರಿಗಿಂತ ಸ್ವಲ್ಪ ಹೆಚ್ಚು, ಪದವಿಯಾಗಿತ್ತಲ್ಲ. ಹಾಗಂತ ನಾನು ಒಂದು ಕಾಸು ಹೆಚ್ಚು ಹಾಕಲು ಹೋದರೆ ಅವರ ಮುಖ ಗಂಟಿಕ್ಕುತ್ತಿತ್ತು. "ಸರಿಪಾಲು ಅಂದ್ರೆ ಸರಿಪಾಲು" ಅನ್ನುವರು. ನನ್ನ ಹೆಂಡತಿ, ಇವರಿಬ್ಬರದು ಗಂಡಸರ ಜಂಬ ಅನ್ನುತ್ತಿದ್ದಳು. ಈ ಪದ್ಧತಿಯೇ ಮುಂದೆ ನಮಗೆ ಮುಳುವಾಯಿತು.

ಪೇಟೆ ಬೀದಿಯಲ್ಲಿ ಒಬ್ಬ ಸಾಹೇಬರ ಜವಳಿ ಅಂಗಡಿ. ನಮಗೆ ಸಾಲದ ಮೇಲೆ ಪಂಚೆ, ಷರಟಿನ ಬಟ್ಟೆ ಕೊಡುತ್ತಿದ್ದ ಒಳ್ಳೆಯ ಮನುಷ್ಯ. ಬಯಲುಸೀಮೆ ಕಡೆ ಹೊಸ ನೂಲಿನ ಗಿರಣಿ ಏಳಲಿತ್ತು, ಅದರ ಷೇರಿನ ಅರ್ಜಿಗಳು ಅವರ ಗಲ್ಲಾಪೆಟ್ಟಿಗೆಯ ಪಕ್ಕ ಇದ್ದವು. ನೂರು ರೂಪಾಯಿಯ ಷೇರು. ಈಗ ಐವತ್ತು ಕಟ್ಟಿದರೆ ಸಾಕು. ಉಳಿದ ಐವತ್ತನ್ನು ಗಿರಣಿಯವರು ಬೇಕಾದಾಗ ಕಂತಿನಲ್ಲಿ ಕೇಳುತ್ತಾರೆ. ಕೇಳಿದಾಗ ಕಟ್ಟದಿದ್ದರೆ ಷೇರು ಮುಟ್ಟುಗೋಲು, ಕೊಟ್ಟ ಹಣವೂ ಹೋದಂತೆ. ಇದೆಲ್ಲ ಅರ್ಜಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿದ್ದೆ. ಓದಿಯೂ ಅದರ ಕಡೆ ಗಮನ ಕೊಡಲಿಲ್ಲ, ಏಕೆಂದರೆ ಆಗಲೇ ನನ್ನ ತಲೆಯಲ್ಲಿ ಚಕ್ರಬಡ್ಡಿ ಓಡುತ್ತಿತ್ತು.

ಅವತ್ತು ಸಂಜೆ ಪಂಡಿತರ ಕೋಣೆಯಲ್ಲಿ ಕೂತು ಅವರ ಸ್ಲೇಟಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅಂಚೆಯ ಬಡ್ಡಿ ನೂರಕ್ಕೆ ನಾಲ್ಕೆಂದು ಇಟ್ಟುಕೊಂಡೆ. ಗಿರಣಿ ಏನೂ ಹೆಚ್ಚಲ್ಲ, ಆರು ಕೊಟ್ಟರೂ ಸಾಕು ಅಂದೆ. ಇಪ್ಪತ್ತನಾಲ್ಕು ವರ್ಷ, ಬಂದದ್ದನ್ನು ಬಂದಹಾಗೆ ಮತ್ತೆ ಹಾಕುತ್ತಾ ಹೋದರೆ ಅಂಚೆಯ ರೂಪಾಯಿ ಎರಡೂವರೆಯಾಗುತ್ತದೆ, ಗಿರಣಿಯದು ನಾಲ್ಕಾಗುತ್ತದೆ. "ಅಕ್ಕಿಯ ಬೆಲೆ ಏರುತ್ತಲೇ ಇರುತ್ತೆ ಪಂಡಿತರೆ. ಅಂಚೆಯಲ್ಲಿಟ್ಟ ರೂಪಾಯಿ ಕೂತಲ್ಲೇ ಸಣ್ಣದಾಗುತ್ತೆ" ಅಂತಲೂ ಸೇರಿಸಿದೆ. ಅದೇನೂ ಸುಳ್ಳಲ್ಲ. ಸ್ಲೇಟಿನ ಮೇಲೆ ಒಂದು ಅಂಕಿಯೂ ತಪ್ಪಿರಲಿಲ್ಲ.

ಪಂಡಿತರು ಸ್ಲೇಟನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ನೀವು ಎಷ್ಟು ಷೇರು ತಗಳ್ತೀರಿ?" ಅಂದರು.

"ಹತ್ತು."

"ಹಂಗಾರೆ ನನಗೂ ಹತ್ತು. ಸರಿಪಾಲು."

ನನಗೆ ಖುಷಿಯಾಯಿತು. ಹಿರಿಯರೊಬ್ಬರು ನನ್ನ ಲೆಕ್ಕಕ್ಕೆ ತಲೆದೂಗಿದರಲ್ಲ ಎಂಬ ಖುಷಿ. ಆ ಇಪ್ಪತ್ತನಾಲ್ಕು ವರ್ಷ ನನ್ನದು, ಅವರ ಕೈಯಲ್ಲಿದ್ದದ್ದು ಮೂರೇ ವರ್ಷ ಎಂಬುದು ನನಗೆ ಹೊಳೆಯಲೇ ಇಲ್ಲ. ಮಕ್ಕಳು ವರ್ಷದ ಜಾಗದಲ್ಲಿ ತಪ್ಪು ಅಂಕಿ ಹಾಕಿದರೆ ಕಿವಿ ಹಿಂಡುತ್ತಿದ್ದ ಮನುಷ್ಯ ನಾನು.

ಅವರ ಹಣ ಅಂಚೆಯಲ್ಲಿತ್ತು. ಹನ್ನೆರಡು ವರ್ಷದ ಸರ್ಟಿಫಿಕೇಟೊಂದು ಆಗತಾನೆ ಅವಧಿ ಮುಗಿದು ನಗದಾಗಲು ಕಾದಿತ್ತು. ಇಬ್ಬರೂ ಒಟ್ಟಿಗೆ ಹೋದೆವು. ಪೋಸ್ಟ್ ಮಾಸ್ಟರು ಪಂಡಿತರ ವಾರಿಗೆಯವರೇ. ಕನ್ನಡಕ ಹಣೆಗೇರಿಸಿ, "ಇನ್ನೊಂದು ಸರ್ಟಿಫಿಕೇಟ್ ಬರೀಲೇನ್ರಿ?" ಅಂದರು. ಷೇರಿಗೆ ಅಂತ ಗೊತ್ತಾದ ಮೇಲೆ ಫಾರಂ ಬದಿಗಿಟ್ಟರು. ನೋಟು ಎಣಿಸಿ ಕೊಡುವಾಗ ನನ್ನ ಕಡೆ ನೋಡಿ ಹೇಳಿದರು:

"ಮೇಷ್ಟ್ರೆ, ನೀವು ಹಾಕ್ರಿ, ಬ್ಯಾಡ ಅನ್ನಲ್ಲ. ಗಿರಣಿ ಐದು ವರ್ಷ ಮಲಗಿದ್ರೂ ನಿಮಗೆ ಒಂದನೇ ತಾರೀಕು ಸಂಬಳ ಬರ್ತೈತಿ. ಪಂಡಿತರದು ಹಂಗಲ್ಲ. ಇವರು ಹಾಕೋದಾದ್ರ ಎರಡು ಷೇರು ಹಾಕ್ಲಿ, ಹತ್ತು ಯಾಕ್ರಿ?"

ನನಗೆ ರೇಗಿತು. ಅಂಚೆ ಕಛೇರಿಯವರು ಗಿರಾಕಿ ಬಿಟ್ಟುಹೋಗುತ್ತಾನೆಂದು ಹೀಗೆಲ್ಲ ಹೇಳುತ್ತಾರೆ ಅಂದುಕೊಂಡೆ. "ನಿಮಗೆ ಚಕ್ರಬಡ್ಡಿ ಲೆಕ್ಕ ಗೊತ್ತೇನ್ರಿ?" ಅಂತ ಕೇಳಿಯೂಬಿಟ್ಟೆ. ಅವರು ಕನ್ನಡಕ ಇಳಿಸಿ ಮುಂದಿನವರ ಮನಿಯಾರ್ಡರ್ ಫಾರಂ ತೆಗೆದುಕೊಂಡರು. ಹೊರಗೆ ಬಂದ ಮೇಲೆ ಪಂಡಿತರು, "ಅವರು ಹೇಳಿದ್ದರಲ್ಲಿ ಎಂತಾರೂ ಉಂಟಾ?" ಅಂದರು. ಎರಡು ಷೇರಾದರೆ ಸರಿಪಾಲು ಎಲ್ಲಿ ಬಂತು ಅಂತ ನಾನೇ ಅವರ ಮಾತನ್ನು ಅವರಿಗೆ ತಿರುಗಿಸಿದೆ.

ಆಮೇಲೆ ಆದದ್ದರಲ್ಲಿ ಯಾರ ಮೋಸವೂ ಇಲ್ಲ. ಮೋಸವಾಗಿದ್ದರೆ ಬೈಯಲು ಒಬ್ಬ ಸಿಗುತ್ತಿದ್ದ. ಗಿರಣಿಯ ಕಟ್ಟಡ ಎದ್ದಿತು, ಯಂತ್ರ ಬರಲಿಲ್ಲ. ಯಂತ್ರ ಪರದೇಶದ್ದು, ಪರದೇಶದ ಹಣಕ್ಕೆ ದೇಶದಲ್ಲೇ ತತ್ವಾರ, ಲೈಸೆನ್ಸು ಸಿಗಲಿಲ್ಲ. ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು. ಪ್ರತಿ ವರ್ಷವೂ ಲಾಭಾಂಶ ಇಲ್ಲವೆಂದು ಒಂದು ಅಚ್ಚಾದ ಕಾಗದ ಬರುತ್ತಿತ್ತು. ಎರಡನೆಯ ವರ್ಷದ ಕೊನೆಗೆ ಕಂತಿನ ನೋಟೀಸು ಬಂತು: ಷೇರಿಗೆ ಇಪ್ಪತ್ತೈದರಂತೆ ಇನ್ನೂರೈವತ್ತು. ನಾನು ಎರಡು ತಿಂಗಳು ಹೋಟೆಲ್ ಕಾಫಿ ಬಿಟ್ಟು, ಶಾಲೆಯ ಸೊಸೈಟಿಯಲ್ಲಿ ಸ್ವಲ್ಪ ಸಾಲ ತೆಗೆದು ಕಟ್ಟಿದೆ. ಸಾಲ ಸಂಬಳದಲ್ಲಿ ಮುರಿದುಹೋಯಿತು. ಪಂಡಿತರು ಇನ್ನೊಂದು ಸರ್ಟಿಫಿಕೇಟು ಮುರಿದರು. ಅವರು ತೆಗೆದದ್ದು ಮತ್ತೆ ತುಂಬುವ ಹಣವಲ್ಲ. ಆಗಲೂ ನಾನು, "ಇನ್ನೇನು ಯಂತ್ರ ಬಂದೇ ಬರುತ್ತೆ" ಅಂದೆ.

ಅವರು ರಿಟೈರಾದ ದಿನ ಶಾಲೆಯಲ್ಲಿ ಒಂದು ಶಾಲು ಹೊದಿಸಿದರು. ಮಾತಾಡಿ ಅಂದರೆ ಗಂಟಲು ತೋರಿಸಿ ಕೈಮುಗಿದರು. ಮಾರನೆಯ ದಿನ ಟ್ರಂಕು, ಹಾಸಿಗೆ, ಅರ್ಧ ಡಬ್ಬಿ ಸೀಮೆಎಣ್ಣೆ ಸಮೇತ ಸೊರಬದ ಬಸ್ಸು ಹತ್ತಿಸಿದೆ. "ಇನ್ನು ಮೌನ" ಅಂದರು. ಅವತ್ತು ಅವರ ಮುಖದಲ್ಲಿದ್ದಂಥ ನೆಮ್ಮದಿಯನ್ನು ನಾನು ಇನ್ಯಾರ ಮುಖದಲ್ಲೂ ಕಂಡಿಲ್ಲ.

ನಾಲ್ಕು ತಿಂಗಳಿಗೆ ಕೊನೆಯ ಕಂತಿನ ನೋಟೀಸು ಬಂತು. ಮತ್ತೆ ಇನ್ನೂರೈವತ್ತು.

ಆ ಶನಿವಾರ ನಾನೇ ಸೊರಬಕ್ಕೆ ಹೋದೆ. ಬಸ್ಸಿನಲ್ಲಿ ಮೊದಲ ಸಲ ಅವರ ಲೆಕ್ಕವನ್ನು ಅವರದಾಗಿಯೇ ಹಾಕಿದೆ. ಮೂರು ವರ್ಷಕ್ಕೆ ಅಂಚೆಯ ರೂಪಾಯಿ ಒಂದು ರೂಪಾಯಿ ಹನ್ನೆರಡು ನಯಾಪೈಸೆ ಆಗುತ್ತಿತ್ತು. ಗಿರಣಿ ಮೊದಲ ದಿನದಿಂದಲೇ ಆರು ಕೊಟ್ಟಿದ್ದರೂ ಒಂದು ರೂಪಾಯಿ ಹತ್ತೊಂಬತ್ತು ನಯಾಪೈಸೆ. ನನಗೆ ಆ ಎರಡರ ನಡುವಿನ ವ್ಯತ್ಯಾಸ ಮುಪ್ಪಿನ ಹೊತ್ತಿಗೆ ರೂಪಾಯಿಗೆ ಒಂದೂವರೆ ರೂಪಾಯಿ. ಅವರಿಗೆ ಏಳು ನಯಾಪೈಸೆ. ಏಳು ನಯಾಪೈಸೆಗಾಗಿ ಅವರು ಇಡೀ ರೂಪಾಯಿಯನ್ನು ಪಣಕ್ಕಿಟ್ಟಿದ್ದರು, ಅಲ್ಲ, ನಾನು ಇಡಿಸಿದ್ದೆ. ಬಸ್ಸು ಕುಲುಕುತ್ತಿತ್ತು. ನನಗೆ ಅಳುವೇ ಬಂತು, ಪಕ್ಕದವರು ವಾಂತಿ ಬರುತ್ತಿದೆ ಅಂದುಕೊಂಡು ಕಿಟಕಿಯ ಜಾಗ ಬಿಟ್ಟುಕೊಟ್ಟರು.

ಪಂಡಿತರು ಜಗಲಿಯ ಮೇಲೆ ನೋಟೀಸು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರೂ ಲೆಕ್ಕ ಹಾಕಿದ್ದರು, ನಾನು ಕಲಿಸಿದ ರೀತಿಯಲ್ಲೇ, ಅದೇ ಸ್ಲೇಟಿನ ಮೇಲೆ. ಫಂಡಿನದು ಎರಡೂವರೆ ಸಾವಿರ, ಅಂಚೆಯಲ್ಲಿದ್ದದ್ದು ಒಂದೂವರೆ ಸಾವಿರ. ಷೇರಿನ ಗೊಡವೆಗೆ ಹೋಗದಿದ್ದರೆ ಒಟ್ಟು ನಾಲ್ಕು ಸಾವಿರ. ಮನೆ ಸ್ವಂತದ್ದು, ಅಕ್ಕಿ ಅಣ್ಣನ ಗದ್ದೆಯಿಂದ ಬರುತ್ತಿತ್ತು. ಮಿಕ್ಕ ಖರ್ಚು ತಿಂಗಳಿಗೆ ನಲವತ್ತು. ನಾಲ್ಕು ಸಾವಿರಕ್ಕೆ ಬಡ್ಡಿ ಸೇರಿಸಿಕೊಂಡು ತಿಂಗಳಿಗೆ ನಲವತ್ತು ತೆಗೆದರೆ ಹತ್ತು ವರ್ಷದ ಮೇಲೆ ಸ್ವಲ್ಪ ದಿನ ಬರುತ್ತದೆ. ಅದರಲ್ಲಿ ಏಳುನೂರ ಐವತ್ತು ಈಗ ಗಿರಣಿಯಲ್ಲಿ ಸಿಕ್ಕಿಕೊಂಡಿತ್ತು, ಇನ್ನೂ ಇನ್ನೂರೈವತ್ತನ್ನು ಅದು ಕೇಳುತ್ತಿತ್ತು.

"ಇದನ್ನ ಕಟ್ಟಿದ್ರೆ ಸಾವಿರ ಅಲ್ಲಿ ಕೂತ್ಕಳ್ತದೆ. ಅದು ಯಾವಾಗ ಏಳ್ತದೋ ಗೊತ್ತಿಲ್ಲ. ನಾ ಪ್ರತಿ ತಿಂಗಳೂ ತಿನ್ನಬೇಕಲ್ಲ" ಅಂದರು. ದನಿ ಸ್ವಲ್ಪ ಸುಧಾರಿಸಿತ್ತು. ನಾಲ್ಕು ತಿಂಗಳು ಸುಮ್ಮನಿದ್ದುದರ ಫಲ.

ಮಾರುವುದೆಂದು ತೀರ್ಮಾನವಾಯಿತು. ಗಡುವು ಮುಗಿಯುವುದರೊಳಗೆ ಮಾರಬೇಕಿತ್ತು. ಸೋಮವಾರ ಜವಳಿ ಸಾಹೇಬರಲ್ಲಿ ಕೇಳಿದೆ. ಅವರು ದಾವಣಗೆರೆಗೆಲ್ಲ ಕಾಗದ ಬರೆದು ವಾರ ಕಳೆದು ಹೇಳಿದರು: "ಕೊಳ್ಳೋರು ಕಡಿಮಿ ಅದಾರ್ರೀ. ಎಪ್ಪತ್ತೈದು ಕಟ್ಟಿರೋ ಷೇರಿಗೆ ಇಪ್ಪತ್ತೈದು ಕೊಡ್ತಾರ. ಉಳಿದ ಕಂತು ಕೊಂಡೋರ ತಲಿಮ್ಯಾಗಲ್ಲ? ನನಗೂ ಬ್ಯಾಸರ ಆಗೈತಿ ಮೇಷ್ಟ್ರೆ, ನನ್ನವೂ ಇಪ್ಪತ್ತು ಷೇರು ಅದಾವ."

ನಾನು ಮತ್ತೆ ಸೊರಬಕ್ಕೆ ಹೋಗಿ, "ನಾನೇ ತಗೊಳ್ತೀನಿ, ಎಪ್ಪತ್ತೈದಕ್ಕೆ. ನನಗೆ ಕಾಯೋಕೆ ಆಗುತ್ತೆ" ಅಂದೆ. ಎಪ್ಪತ್ತೈದರಂತೆ ಹತ್ತಕ್ಕೆ ಏಳುನೂರ ಐವತ್ತು ನನ್ನ ಹತ್ತಿರ ಇರಲಿಲ್ಲ. ಎಲ್ಲಿಂದಲೋ ತರುತ್ತಿದ್ದೆ.

ಪಂಡಿತರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ನಾ ಭಿಕ್ಷೆಗೆ ಕೂತಿದ್ದೆ ಅಂದ್ಕಂಡ್ರಾ? ಪೇಟೆಯಲ್ಲಿ ಎಷ್ಟು ಉಂಟೋ ಅಷ್ಟು. ಒಂದು ಪೈಸೆ ಹೆಚ್ಚು ಕೊಟ್ರೆ ಈ ಜಗಲಿ ಹತ್ತಬೇಡಿ."

ಹಾಗೆ ಅವರ ಹತ್ತು ಷೇರು ಇಪ್ಪತ್ತೈದರಂತೆ, ಇನ್ನೂರೈವತ್ತಕ್ಕೆ ನನ್ನವಾದವು. ವರ್ಗಾವಣೆಯ ಪತ್ರಕ್ಕೆ ಅವರು ಸಹಿ ಹಾಕಿದರು, ಕೆಳಗೆ ನಾನು ಹಾಕಿದೆ. ಅವರಿಗೆ ಐನೂರು ನಷ್ಟ. ಹತ್ತು ವರ್ಷದ ಮೇಲಿದ್ದದ್ದು ಒಂಬತ್ತಕ್ಕೂ ಕಡಿಮೆಯಾಯಿತು. ಒಂದೂವರೆ ವರ್ಷದ ಊಟ ಹೋಯಿತು. ಸಹಿಯ ಶಾಯಿ ಆರಲು ಊದುತ್ತಾ ಪಂಡಿತರು ಒಳಗಿದ್ದ ಹೆಂಡತಿಗೆ, "ನಾಕು ಹುಡುಗ್ರಿಗೆ ಪಾಠ ಹೇಳಿದ್ರಾಯ್ತು ಬಿಡೇ" ಅಂದರು. ಎರಡೂ ಷೇರುಗಂಟಿನ ಕೊನೆಯ ಕಂತನ್ನು ಸೊಸೈಟಿಯಿಂದ, ಫಂಡಿನ ಮೇಲಿನ ಮುಂಗಡದಿಂದ ನಾನು ಕಟ್ಟಿದೆ. ಎರಡು ವರ್ಷ ಸಂಬಳದಲ್ಲಿ ಮುರಿದರು. ಆದರೂ ಎರಡು ವರ್ಷಕ್ಕೆ ನನ್ನ ಸಾಲ ತೀರಿತು, ಸಂಬಳ ಮೊದಲಿನಂತೆ ಪೂರ್ತಿ ಬರತೊಡಗಿತು.

ಪಂಡಿತರು ಮನೆಪಾಠ ಶುರುಮಾಡಿದರು. ಸೊರಬದ ವರ್ತಕರ ಮಕ್ಕಳು, ಜಡೆ ಎಂಬ ಊರಿನಿಂದ ಬಂದು ನೆಂಟರ ಮನೆಯಲ್ಲಿದ್ದ ಒಬ್ಬಳು ಹುಡುಗಿ. ಎಲ್ಲ ಸೇರಿ ತಿಂಗಳಿಗೆ ಹದಿನೈದು ರೂಪಾಯಿ. ನಾನು ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಹೋದಾಗಲೆಲ್ಲ ಜಗಲಿಯಿಂದ ಆ ಒಡಕು ದನಿ ಬೀದಿಯ ತಿರುವಿಗೇ ಕೇಳಿಸುತ್ತಿತ್ತು. ನಾಲ್ಕು ತಿಂಗಳ ಮೌನದಿಂದ ಬಂದಿದ್ದ ಸುಧಾರಣೆ ಎಂದೋ ಹೋಗಿತ್ತು. ಅವರ ಹೆಂಡತಿ ನನಗೆ ಕಾಫಿ ಕೊಡುವಾಗ ಮುಖ ನೋಡುತ್ತಿರಲಿಲ್ಲ. ನೋಡಬೇಕೆಂದು ನಾನೂ ಬಯಸಲಿಲ್ಲ.

ಗಿರಣಿಗೆ ಯಂತ್ರ ಬಂತು. ನೂಲು ತೆಗೆಯಿತು. ಪಂಡಿತರು ಪಾಠ ಶುರುಮಾಡಿ ಎರಡೂವರೆ ವರ್ಷ ಆಗುತ್ತಾ ಬಂದಿತ್ತು, ಮೊದಲ ಲಾಭಾಂಶ ಕೈಗೆ ಬಂತು: ನೂರಕ್ಕೆ ಆರು. ನಾನು ಸ್ಲೇಟಿನ ಮೇಲೆ ಬರೆದಿದ್ದ ಅಂಕಿಯೇ. ನನ್ನ ಹತ್ತು ಷೇರಿಗೆ ಅರವತ್ತು, ಅವರಿಂದ ಕೊಂಡ ಹತ್ತಕ್ಕೆ ಅರವತ್ತು. ಸಾಹೇಬರು ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದರು, ಷೇರು ಈಗ ನೂರ ಮೂವತ್ತಕ್ಕೆ ಹೋಗುತ್ತಿದೆ ಅಂದರು. ಇಪ್ಪತ್ತೈದಕ್ಕೆ ಕೊಂಡು ಇಪ್ಪತ್ತೈದು ಕಟ್ಟಿದ ಷೇರು. ನನ್ನ ಲೆಕ್ಕ ಸರಿಯಾಗಿತ್ತು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಎರಡನೆಯ ಅರವತ್ತನ್ನು ಒಂದು ಲಕೋಟೆಯಲ್ಲಿ ಹಾಕಿಕೊಂಡು ಸೊರಬಕ್ಕೆ ಹೊರಟೆ. ಬೈದು ಅಟ್ಟುತ್ತಾರೆಂದು ಗೊತ್ತಿತ್ತು. ಬೈಯಲಿ, ಜಗಲಿ ಹತ್ತಬೇಡ ಅನ್ನಲಿ ಎಂದೇ ಹೊರಟಿದ್ದೆ. ಬಹಳವೆಂದರೆ ಮೂವತ್ತು ಎಣಿಸಿ ಹಿಂದಕ್ಕೆ ತಳ್ಳುತ್ತಾರೆ, ಸರಿಪಾಲು ಅನ್ನುತ್ತಾರೆ ಅಂದುಕೊಂಡೆ.

ಸಂಜೆಯ ಪಾಠ ನಡೆದಿತ್ತು. ಪಂಡಿತರು ತುಂಬ ಇಳಿದುಹೋಗಿದ್ದರು. ಒಂದು ಸಾಲು ಹೇಳುವುದು, ಎರಡು ಗುಟುಕು ಬಿಸಿನೀರು ಕುಡಿಯುವುದು, ಮತ್ತೆ ಒಂದು ಸಾಲು. ಲಕೋಟೆ ಅವರ ಮುಂದಿಟ್ಟು ಏನೆಂದು ಹೇಳಿದೆ. ಅವರು ಮಕ್ಕಳಿಗೆ ಬರೆಯಲು ಕೊಟ್ಟು, ಗೋಡೆಯ ಮೊಳೆಗೆ ನೇತುಹಾಕಿದ್ದ ಸ್ಲೇಟನ್ನು ಇಳಿಸಿದರು. ಅದರ ಮೇಲೆ ತಿಂಗಳು ತಿಂಗಳು ಪಾಠದ ಹಣ ಕೂಡಿಸುತ್ತಾ ಬಂದಿದ್ದರು. ಎಲ್ಲಕ್ಕೂ ಮೇಲೆ, ಷೇರಿನಲ್ಲಿ ಹೋದ ಐನೂರನ್ನು ಬರೆದು ಕೆಳಗೆ ಗೆರೆ ಎಳೆದಿತ್ತು. ಅವತ್ತಿಗೆ ನಾಲ್ಕುನೂರ ನಲವತ್ತು ತುಂಬಿತ್ತು. ಇನ್ನು ನಾಲ್ಕು ತಿಂಗಳ ಪಾಠ.

ಅರವತ್ತನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನಾನು ನೆಲ ನೋಡುತ್ತಾ, ಬೈಗುಳಕ್ಕೆ ಕಾದು ಕೂತೆ.

"ಈ ಸಲ ಸರಿಪಾಲು ಬೇಡ ಮೇಷ್ಟ್ರೆ" ಅಂದರು. "ಪೂರ್ತಿ ನಾನೇ ಇಟ್ಕಳ್ತೆ. ನನಗೆ ಸಾಕಾಗಿದೆ."

ನೋಟುಗಳನ್ನು ಮಡಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಸ್ಲೇಟನ್ನು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ನಾಳೆಯಿಂದ ಬರುವುದು ಬೇಡ, ಮನೆಯಲ್ಲಿ ಹೇಳಿ ಅಂದರು. ಜಡೆಯ ಹುಡುಗಿ ಯಾಕೆ ಅಂತ ಕೇಳಿದಳು. ಪಂಡಿತರು ಉತ್ತರ ಕೊಡಲಿಲ್ಲ.